ಬಿಲ್ ಓದುವ ಸಾಫ್ಟ್‌ವೇರಿನ ಯಾವ ತಪ್ಪು ದುಬಾರಿ?

ಖರೀದಿ ಬಿಲ್ಲಿನ ಸ್ಕ್ಯಾನ್ ಪ್ರತಿಯಿಂದ ಬಿಲ್ ನಂಬರ್, ತಾರೀಖು, ಮಾರಿದವರ ಜಿಎಸ್‌ಟಿ ನಂಬರ್, ತೆರಿಗೆ, ಒಟ್ಟು ಮೊತ್ತ ಇವನ್ನೆಲ್ಲ ತಾನೇ ಎತ್ತಿಕೊಂಡು ಲೆಕ್ಕಕ್ಕೆ ಏರಿಸುವ ಸಾಫ್ಟ್‌ವೇರುಗಳು ಈಗ ಸಣ್ಣ ಸಗಟು ಅಂಗಡಿಗಳವರೆಗೂ ಬಂದಿವೆ. ಮಾರುವವರು ‘ಶೇ. 97 ನಿಖರ’ ಎನ್ನುತ್ತಾರೆ. ಆ ಸಂಖ್ಯೆ ಸಾಮಾನ್ಯವಾಗಿ ಕಾಲಂಗಳನ್ನು ಎಣಿಸಿ ಬಂದದ್ದು, ಬಿಲ್ಲುಗಳನ್ನಲ್ಲ. ಒಂದು ಬಿಲ್ಲಿಗೆ ಎಂಟು ಕಾಲಂ ಇದ್ದು ಪ್ರತಿಯೊಂದೂ ಶೇ. 97ರಷ್ಟು ಸರಿಯಿದ್ದರೆ, ತಪ್ಪುಗಳು ಎಲ್ಲ ಕಡೆ ಸಮವಾಗಿ ಹರಡಿದಾಗ ನೂರರಲ್ಲಿ ಸುಮಾರು 78 ಬಿಲ್ಲುಗಳು ಮಾತ್ರ ಪೂರ್ತಿ ಸರಿಯಾಗಿರುತ್ತವೆ. ವಾಸ್ತವದಲ್ಲಿ ಮಸುಕಾದ ಕೆಲವೇ ಬಿಲ್ಲುಗಳಲ್ಲಿ ತಪ್ಪುಗಳು ಗುಂಪಾಗಿ ಬೀಳುವುದರಿಂದ ಪರಿಸ್ಥಿತಿ ಇದಕ್ಕಿಂತ ಸ್ವಲ್ಪ ಮೇಲು. ಆದರೂ ಒಟ್ಟು ಸರಾಸರಿಯಿಂದ ವ್ಯಾಪಾರಿಗೆ ತಿಳಿಯುವುದು ಬಹಳ ಕಡಿಮೆ. ಯಾವ ಕಾಲಂ ಎಷ್ಟು ಸಲ ತಪ್ಪುತ್ತದೆ, ಆ ತಪ್ಪು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕು.

ಅಳೆಯಲು ಮೊದಲು ಒಂದು ಸರಿಯುತ್ತರ ಪಟ್ಟಿ ಬೇಕು. ಗುಮಾಸ್ತರು ಕೈಯಲ್ಲಿ ಹೊಡೆದ ಹಳೆಯ ಎಂಟ್ರಿಯನ್ನೇ ಸರಿಯುತ್ತರವೆಂದು ಹಿಡಿಯುವುದು ಇಲ್ಲಿ ಆಗುವ ದೊಡ್ಡ ತಪ್ಪು. ಮನುಷ್ಯರೂ ಅಂಕಿಗಳನ್ನು ಹಿಂದುಮುಂದು ಮಾಡುತ್ತಾರೆ, ಮೇಲಿನ ಸಾಲಿನ ಮೊತ್ತವನ್ನು ಕೆಳಗಿನ ಸಾಲಿಗೆ ಹಾಕುತ್ತಾರೆ. ಹಾಗಿರುವಾಗ ಯಂತ್ರ ಸರಿಯಾಗಿ ಓದಿದ್ದೂ ತಪ್ಪಿನ ಲೆಕ್ಕಕ್ಕೆ ಹೋಗಿಬಿಡುತ್ತದೆ. ಇದಕ್ಕೆ ನಂಬಬಹುದಾದ ದಾರಿ ಇಷ್ಟು: ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಅದೇ ಬಿಲ್ಲುಗಳನ್ನು ಬೇರೆಬೇರೆಯಾಗಿ ಎಂಟ್ರಿ ಮಾಡಬೇಕು, ಇಬ್ಬರದೂ ತಾಳೆಯಾಗದ ಕಡೆ ಮೂರನೆಯವರು ಬಿಲ್ಲನ್ನೇ ತೆಗೆದು ನೋಡಿ ತೀರ್ಮಾನಿಸಬೇಕು. ಯಂತ್ರ ಓದಿದ್ದನ್ನು ಇವರಲ್ಲಿ ಯಾರಿಗೂ ಮೊದಲೇ ತೋರಿಸಬಾರದು. ಪರದೆಯ ಮೇಲೆ ಉತ್ತರ ಸಿದ್ಧವಿದ್ದರೆ ಕಣ್ಣು ಅದಕ್ಕೇ ತಲೆಯಾಡಿಸುತ್ತದೆ. ಹೀಗೆ ಸಿದ್ಧವಾದ ಪಟ್ಟಿಯ ಎದುರು ಯಂತ್ರವನ್ನೂ ಅಂಗಡಿಯ ಮಾಮೂಲಿ ಎಂಟ್ರಿಯನ್ನೂ ಒಂದೇ ಅಳತೆಯಲ್ಲಿ ಅಳೆದರೆ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ.

ಯಾವುದು ‘ಸರಿ’ ಎಂಬುದನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. 1,25,000.00 ಮತ್ತು 125000 ಒಂದೇ. 05-07-2024 ಮತ್ತು 5 ಜುಲೈ 2024 ಒಂದೇ. ಆದರೆ ಬಿಲ್ ನಂಬರಿನ ಮುಂದಿನ ಸೊನ್ನೆ ಬಿಟ್ಟುಹೋದರೆ ಅದನ್ನು ತಪ್ಪೆಂದೇ ಎಣಿಸಬೇಕು. ಕಾಲಂ ಖಾಲಿ ಬಿಟ್ಟಿದ್ದನ್ನು ತಪ್ಪು ತುಂಬಿದ್ದರ ಜೊತೆ ಸೇರಿಸಕೂಡದು. ಖಾಲಿ ಜಾಗ ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರಾದರೂ ತುಂಬುತ್ತಾರೆ. ತಪ್ಪು ತುಂಬಿದ ಜಾಗ ಸರಿಯಾದದ್ದರಂತೆಯೇ ಕಾಣುತ್ತದೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಬ್ಬ ಹಾರ್ಡ್‌ವೇರ್ ಸಗಟು ವ್ಯಾಪಾರಿ ತನ್ನ 400 ಖರೀದಿ ಬಿಲ್ಲುಗಳನ್ನು ಈ ರೀತಿ ಅಳೆದನೆನ್ನಿ. ಬಿಲ್ಲಿಗೆ ಎಂಟು ಕಾಲಂನಂತೆ 3,200 ನಮೂದು. ಯಂತ್ರದ ತಪ್ಪು 96, ಅಂದರೆ ಶೇ. 97 ಸರಿ. ಕೈ ಎಂಟ್ರಿಯ ತಪ್ಪು 45, ಅಂದರೆ ಶೇ. 98.6 ಸರಿ. ಇಷ್ಟಕ್ಕೇ ನಿಂತರೆ ಯಂತ್ರ ಬೇಡ ಅನ್ನಿಸುತ್ತದೆ. ಕಾಲಂವಾರು ಬಿಡಿಸಿದಾಗ ಚಿತ್ರ ಬೇರೆಯಾಗುತ್ತದೆ. ಯಂತ್ರದ 96ರಲ್ಲಿ 36 ತಪ್ಪು ಮಾರಿದವರ ಹೆಸರಿನಲ್ಲಿ, 22 ತಪ್ಪು ಸರಕಿನ ಎಚ್‌ಎಸ್‌ಎನ್ ಕೋಡಿನಲ್ಲಿ. ಬಿಲ್ ನಂಬರಿನಲ್ಲಿ ಬರೀ 9, ಜಿಎಸ್‌ಟಿ ನಂಬರಿನಲ್ಲಿ 8. ತೆರಿಗೆ ಹಾಕುವ ಮೌಲ್ಯ, ತೆರಿಗೆ, ಒಟ್ಟು ಮೊತ್ತ ಈ ಮೂರೂ ಸೇರಿ 15. ಉಳಿದ 6 ತಾರೀಖಿನವು.

ಸಂಖ್ಯೆಯ ಪ್ರಕಾರ ಮೊದಲು ಸರಿಪಡಿಸಬೇಕಾದದ್ದು ಹೆಸರು, ಏಕೆಂದರೆ ಅಲ್ಲಿ ನಿಖರತೆ ಶೇ. 91ಕ್ಕೆ ಇಳಿದಿದೆ. ಆದರೆ ಲೆಕ್ಕದಲ್ಲಿ ಮಾರಿದವರನ್ನು ಗುರುತಿಸುವುದು ಜಿಎಸ್‌ಟಿ ನಂಬರಿನಿಂದ. ಅದು ಸರಿಯಿದ್ದರೆ ‘ಟ್ರೇಡರ್ಸ್’ ಬದಲು ‘ಟ್ರೇಡಸ್’ ಎಂದು ಓದಿದ್ದರಿಂದ ಕಾಸಿನ ನಷ್ಟವೂ ಇಲ್ಲ.

ಹಣದ ಕಾಲಂಗಳ ತಪ್ಪು ಭಯ ಹುಟ್ಟಿಸುತ್ತದೆ, ಆದರೆ ಅವು ಸುಲಭವಾಗಿ ಸಿಕ್ಕಿಬೀಳುತ್ತವೆ. 48,600 ರೂಪಾಯಿಯ ಮಾಲು; ಶೇ. 18ರಂತೆ ಸಿಜಿಎಸ್‌ಟಿ 4,374, ಎಸ್‌ಜಿಎಸ್‌ಟಿ 4,374; ಒಟ್ಟು 57,348. ಯಂತ್ರ 48,600ನ್ನು 43,600 ಎಂದು ಓದಿದರೆ ಕೂಡಿದ ಮೊತ್ತ 52,348 ಆಗುತ್ತದೆ, ಬಿಲ್ಲಿನ ಒಟ್ಟಿಗೆ ತಾಳೆಯಾಗುವುದಿಲ್ಲ. ಒಂದು ಸಾಲಿನ ಕೂಡಿಕೆ ಲೆಕ್ಕ ಇಂಥ ಬಹುಪಾಲು ತಪ್ಪುಗಳನ್ನು ಹಿಡಿದುಕೊಡುತ್ತದೆ.

ಜಿಎಸ್‌ಟಿ ನಂಬರಿಗೂ ಇಂಥದ್ದೇ ಕಾವಲಿದೆ. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು (ಕರ್ನಾಟಕಕ್ಕೆ 29), ನಂತರದ ಹತ್ತು ಪ್ಯಾನ್, ಕೊನೆಯದು ಹಿಂದಿನ 14ರಿಂದ ಲೆಕ್ಕ ಹಾಕಿ ಬರುವ ತಾಳೆ ಅಕ್ಷರ. ನಡುವೆ ಒಂದು ಅಕ್ಷರ ತಪ್ಪಾಗಿ ಓದಿದರೂ ಆ ಲೆಕ್ಕ ಕೆಡುತ್ತದೆ. ಈ ಜರಡಿಯಿಂದಲೂ ತಪ್ಪಿಸಿಕೊಳ್ಳುವುದು ಬೇರೆ ಬಗೆಯ ತಪ್ಪು: ಮಾರಿದವರ ನಂಬರಿನ ಜಾಗದಲ್ಲಿ ಯಂತ್ರ ಕೊಂಡವರ ನಂಬರನ್ನು ಎತ್ತಿಕೊಂಡಿರುತ್ತದೆ. ಅಕ್ಷರಗಳೆಲ್ಲ ಸರಿ, ತಾಳೆಯೂ ಸರಿ, ಜಾಗ ಮಾತ್ರ ತಪ್ಪು. ಬಿಲ್ಲಿನ ತಾರೀಖಿನ ಬದಲು ಹಣ ಕೊಡಬೇಕಾದ ಕೊನೆಯ ದಿನವನ್ನು ಓದುವುದೂ ಇದೇ ಜಾತಿಯದು. ಸ್ವಂತ ಅಂಗಡಿಯ ನಂಬರ್ ಮಾರಿದವರ ಕಾಲಂನಲ್ಲಿ ಬಂದರೆ ತಡೆ ಎಂಬ ನಿಯಮ ಹಾಕಿದರೆ ಮೊದಲನೆಯದು ನಿಲ್ಲುತ್ತದೆ.

ಉಳಿಯುವುದು ಬಿಲ್ ನಂಬರಿನ ಆ ಒಂಬತ್ತು. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ನಂಬರ್ 16 ಅಕ್ಷರ ಮೀರುವಂತಿಲ್ಲ, ಒಂದು ಹಣಕಾಸು ವರ್ಷದೊಳಗೆ ಮತ್ತೆ ಬರುವಂತಿಲ್ಲ. ಆದರೆ ಅದರಲ್ಲಿ ತಾಳೆ ಅಕ್ಷರವಿಲ್ಲ, ಕೂಡಿ ನೋಡಲು ಏನೂ ಇಲ್ಲ. `SKT/0815/24-25` ಎಂಬುದರ ಸೊನ್ನೆಯನ್ನು ಯಂತ್ರ ಇಂಗ್ಲಿಷಿನ `O` ಎಂದು ಓದಿತೆನ್ನಿ. ಅದೇ ಬಿಲ್ಲು ಮೊದಲು ಇಮೇಲಿನಲ್ಲಿ, ವಾರದ ಮೇಲೆ ಮಾಲಿನ ಜೊತೆ ಕಾಗದದಲ್ಲಿ ಬಂದು, ಎರಡನೆಯ ಸಲ ಸರಿಯಾಗಿ ಓದಿಸಿಕೊಂಡರೆ ಲೆಕ್ಕದಲ್ಲಿ ಎರಡು ಬಿಲ್ಲುಗಳಾಗುತ್ತವೆ. 57,348 ರೂಪಾಯಿ ಎರಡು ಸಲ ಪಾವತಿಯಾಗಬಹುದು. ಅಷ್ಟೇ ಅಲ್ಲ, ಮಾರಿದವರು ಸಲ್ಲಿಸಿದ ವಿವರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಂಡರೂ ಅಂಗಡಿಯ ಪುಸ್ತಕದ ನಂಬರಿಗೆ ಹೊಂದುವುದಿಲ್ಲ. 8,748 ರೂಪಾಯಿಯ ತೆರಿಗೆ ಜಮೆ, ಅಂದರೆ ಇನ್‌ಪುಟ್ ಕ್ರೆಡಿಟ್, ಯಾರೋ ಕೂತು ಹುಡುಕುವವರೆಗೆ ತಗಾದೆಯಲ್ಲಿರುತ್ತದೆ.

ಹೀಗಾಗಿ ತಪ್ಪಿನ ತೂಕ ಹಾಕುವಾಗ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕು: ಅದು ಎಷ್ಟು ಸಲ ಆಗುತ್ತದೆ, ಆದಾಗ ಎಷ್ಟು ಹಣ ಅಥವಾ ಕೆಲಸ ಹಾಳು, ಮುಂದಿನ ಯಾವ ಹಂತದಲ್ಲೂ ಸಿಕ್ಕಿಬೀಳದೆ ಹೋಗುವ ಸಂಭವ ಎಷ್ಟು. ಮೂರನೆಯದೇ ಹೆಚ್ಚಾಗಿ ತೀರ್ಪು ಕೊಡುತ್ತದೆ. ಶೇ. 91ರ ಹೆಸರಿನ ಕಾಲಂ ಬಿಟ್ಟು ಶೇ. 97.75ರ ಬಿಲ್ ನಂಬರಿನ ಮೇಲೆ ಶ್ರಮ ಹಾಕುವುದು ಈ ಕಾರಣಕ್ಕೆ. ದಾರಿಗಳೂ ಇವೆ. ಇ-ಇನ್‌ವಾಯ್ಸ್ ಆಗಿದ್ದರೆ ಅದರ ಕ್ಯೂಆರ್ ಕೋಡಿನಲ್ಲಿ ಬಿಲ್ ನಂಬರ್, ತಾರೀಖು, ಇಬ್ಬರ ಜಿಎಸ್‌ಟಿ ನಂಬರ್, ಒಟ್ಟು ಮೊತ್ತ ಇರುವುದರಿಂದ ಓದಿದ್ದನ್ನು ಅದಕ್ಕೆ ತಾಳೆ ನೋಡಬಹುದು. ಅದಿಲ್ಲದ ಬಿಲ್ಲಿಗೆ, ಅದೇ ವ್ಯಾಪಾರಿಯ ಹಿಂದಿನ ಬಿಲ್ಲುಗಳ ನಂಬರಿನ ಧಾಟಿಗೆ ಹೊಂದದಿದ್ದರೆ ಮನುಷ್ಯರ ಕಣ್ಣಿಗೆ ಕಳಿಸಬೇಕು. ಒಬ್ಬರೇ ಮಾರಾಟಗಾರ, ಒಂದೇ ತಾರೀಖು, ಒಂದೇ ಮೊತ್ತದ ಎರಡು ಬಿಲ್ಲು ಬಂದರೆ ನಂಬರ್ ಬೇರೆಯಿದ್ದರೂ ಪಾವತಿ ತಡೆಯಬೇಕು.

ಅಳತೆಗೂ ಮಿತಿಯಿದೆ. 300 ಬಿಲ್ಲುಗಳಲ್ಲಿ ಒಂದು ಕಾಲಂ ಒಮ್ಮೆಯೂ ತಪ್ಪದಿದ್ದರೆ ಅದರ ನಿಜವಾದ ತಪ್ಪಿನ ಪ್ರಮಾಣ ಸೊನ್ನೆ ಎಂದಲ್ಲ, ಶೇ. 1ರವರೆಗೂ ಇರಬಹುದು ಎಂದೇ ಸಂಖ್ಯಾಶಾಸ್ತ್ರ ಹೇಳುವುದು. ಆರಿಸಿದ ಬಿಲ್ಲುಗಳಲ್ಲಿ ಮಸುಕಾದ ಕಾರ್ಬನ್ ಪ್ರತಿ, ಕೈಬರಹದ ಬಿಲ್ಲು, ಮೊಬೈಲಿನಲ್ಲಿ ತೆಗೆದ ಚಿತ್ರ ಇವು ಅಂಗಡಿಗೆ ಬರುವ ಪ್ರಮಾಣದಲ್ಲೇ ಇರಬೇಕು. ಅಚ್ಚುಕಟ್ಟಾದ ಪಿಡಿಎಫ್‌ಗಳನ್ನಷ್ಟೇ ಅಳೆದು ಬಂದ ಅಂಕ ಆ ಪಿಡಿಎಫ್‌ಗಳಿಗೆ ಮಾತ್ರ ಸಲ್ಲುತ್ತದೆ. ಇಂಥ ಸಾಫ್ಟ್‌ವೇರ್ ಕೊಳ್ಳುವವರು ಮಾರುವವರಿಂದ ಒಟ್ಟು ಶೇಕಡಾವಾರು ಕೇಳದೆ, ತಮ್ಮದೇ ಬಿಲ್ಲುಗಳ ಮೇಲೆ ಕಾಲಂವಾರು ತಪ್ಪಿನ ಪಟ್ಟಿಯನ್ನೇ ಕೇಳಿ ಪಡೆಯಬೇಕು.