ಫ್ಯೂಚರ್ಸ್ ಮತ್ತು ಆಪ್ಷನ್: ಕಟ್ಟುಪಾಡು ಯಾರದು, ಹಕ್ಕು ಯಾರದು?

ಸೇಲಂನ ಕೈಮಗ್ಗ ಬಟ್ಟೆಯ ರಫ್ತುದಾರರೊಬ್ಬರಿಗೆ ಮೂರು ತಿಂಗಳ ಬಳಿಕ 10,000 ಡಾಲರ್ ಬರಬೇಕಿದೆ ಎಂದಿಟ್ಟುಕೊಳ್ಳೋಣ. ಡಾಲರ್ ಬೆಲೆ ಇಳಿದರೆ ನಷ್ಟವೆಂಬ ಭಯ ಅವರಿಗಿದೆ. ಬ್ಯಾಂಕ್ ಉದ್ಯೋಗಿಯೊಬ್ಬರು ನಮ್ಮ ಮುಂದಿಟ್ಟ ಪ್ರಶ್ನೆಗಳನ್ನು ಈ ಉದಾಹರಣೆಯ ಮೂಲಕವೇ ಬಿಡಿಸುತ್ತೇವೆ. ದರಗಳು ಕೇವಲ ಲೆಕ್ಕಕ್ಕಾಗಿ.

ಬಾಧ್ಯತೆಯಲ್ಲಿ ವ್ಯತ್ಯಾಸವೇನು?

ಫ್ಯೂಚರ್ಸ್‌ನಲ್ಲಿ ಕೊಳ್ಳುವವರೂ ಮಾರುವವರೂ ಸಮಾನವಾಗಿ ಬದ್ಧರು. ಆಪ್ಷನ್ನಿನಲ್ಲಿ ಕೊಂಡವರಿಗೆ ಹಕ್ಕು ಮಾತ್ರ, ಬಾಧ್ಯತೆಯೆಲ್ಲ ಮಾರಿದವರದು. ನಮ್ಮ ರಫ್ತುದಾರರು 85 ರೂಪಾಯಿಗೆ ಡಾಲರ್ ಫ್ಯೂಚರ್ಸ್ ಮಾರಬಹುದು, ಇಲ್ಲವೇ 85ಕ್ಕೆ ಮಾರುವ ಹಕ್ಕನ್ನು, ಅಂದರೆ ಪುಟ್ ಆಪ್ಷನ್ನನ್ನು, ಕೊಳ್ಳಬಹುದು. ಷೇರು ವಿನಿಮಯ ಕೇಂದ್ರದಲ್ಲಿ ಒಂದು ಲಾಟ್ 1,000 ಡಾಲರ್ ಆದ್ದರಿಂದ ಅವರಿಗೆ ಬೇಕಾದದ್ದು ಹತ್ತು ಲಾಟ್. ಅಲ್ಲಿ ಡಾಲರ್ ಕೈ ಬದಲಾಗುವುದಿಲ್ಲ, ವ್ಯತ್ಯಾಸದ ಹಣ ಮಾತ್ರ ರೂಪಾಯಿಯಲ್ಲಿ ಚುಕ್ತಾ ಆಗುತ್ತದೆ.

ಖರ್ಚು ಯಾವುದರಲ್ಲಿ ಹೆಚ್ಚು?

ಫ್ಯೂಚರ್ಸ್‌ಗೆ ಕಟ್ಟುವ ಮಾರ್ಜಿನ್ ಖರ್ಚಲ್ಲ, ಭದ್ರತಾ ಠೇವಣಿ. ಆದರೆ ದಿನದಿನದ ಏರಿಳಿತದ ಲೆಕ್ಕ ಅಂದಂದೇ ತೀರಬೇಕು. ಡಾಲರ್ ಒಂದು ರೂಪಾಯಿ ಏರಿದರೆ ಅವರು 10,000 ರೂಪಾಯಿ ತುಂಬಬೇಕು. ಆಪ್ಷನ್ನಿಗೆ ಕೊಡುವ ಪ್ರೀಮಿಯಂ ಮರಳಿ ಬಾರದು. ಡಾಲರಿಗೆ 60 ಪೈಸೆಯಾದರೆ 6,000 ರೂಪಾಯಿ, ಅಷ್ಟಕ್ಕೇ ಮುಗಿಯಿತು.

ಹಾಗಾದರೆ ಅಪಾಯ?

ಡಾಲರ್ 88ಕ್ಕೆ ಏರಿತೆನ್ನಿ. ಫ್ಯೂಚರ್ಸ್‌ನಲ್ಲಿ 30,000 ರೂಪಾಯಿ ಹೋಗುತ್ತದೆ. ಬಂದ ಡಾಲರುಗಳು ಅಷ್ಟೇ ಹೆಚ್ಚು ತರುವುದರಿಂದ ಕೊನೆಗೆ ಕೈಸೇರುವುದು 8,50,000. ಆಪ್ಷನ್ ಕೊಂಡಿದ್ದರೆ ಹಕ್ಕನ್ನು ಬಿಟ್ಟುಬಿಟ್ಟು, 8,80,000ದಲ್ಲಿ ಪ್ರೀಮಿಯಂ ಕಳೆದು 8,74,000 ಪಡೆಯುತ್ತಾರೆ. ಡಾಲರ್ 83ಕ್ಕೆ ಇಳಿದರೆ ಫ್ಯೂಚರ್ಸ್‌ನಿಂದ ಮತ್ತೆ 8,50,000, ಆಪ್ಷನ್‌ನಿಂದ 8,44,000.

ಬೆಲೆ ಏರಿದಾಗಲೇ ಹೊರದೇಶದ ಗಿರಾಕಿ ಆರ್ಡರ್ ರದ್ದು ಮಾಡಿದರೆ? ಡಾಲರ್ ಬರಲೇ ಇಲ್ಲ, ಫ್ಯೂಚರ್ಸ್‌ನ 30,000 ನಷ್ಟವನ್ನು ತುಂಬಲು ಏನೂ ಇಲ್ಲ. ಆಪ್ಷನ್ನಿನಲ್ಲಿ ಹೋದದ್ದು 6,000 ಮಾತ್ರ. ಬರುವ ಹಣದ ಬಗ್ಗೆ ಖಾತ್ರಿಯಿಲ್ಲದವರಿಗೆ ಆ ಪ್ರೀಮಿಯಂ ದುಬಾರಿಯಲ್ಲವೆಂದೇ ನಮ್ಮ ಅಭಿಪ್ರಾಯ.

‘ಖರ್ಚಿಲ್ಲದ ಆಪ್ಷನ್’ ಎನ್ನುತ್ತಾರಲ್ಲ?

ಪ್ರೀಮಿಯಂ ಉಳಿಸಲು ಗ್ರಾಹಕರು ಒಂದು ಆಪ್ಷನ್ ಕೊಂಡು ಮತ್ತೊಂದನ್ನು ಬ್ಯಾಂಕಿಗೇ ಮಾರುವ ಏರ್ಪಾಡು ಅದು. ಮಾರಿದ ಕ್ಷಣವೇ ಅವರು ಬಾಧ್ಯತೆಯ ಕಡೆಗೆ ಸರಿದಿರುತ್ತಾರೆ. ಸಿಗುವುದು ಸೀಮಿತ ಪ್ರೀಮಿಯಂ, ನಷ್ಟಕ್ಕೆ ಮಾತ್ರ ಅಂಥ ಮಿತಿಯಿಲ್ಲ. 2007-08ರಲ್ಲಿ ತಿರುಪ್ಪೂರಿನ ಅನೇಕ ರಫ್ತುದಾರರು ಇಂಥ ವಿದೇಶೀ ವಿನಿಮಯ ಒಪ್ಪಂದಗಳಲ್ಲಿ ಸಿಲುಕಿದರು. ಅದೇ ಕಾಲದಲ್ಲಿ ಕೊಯಮತ್ತೂರಿನ ರಾಜಶ್ರೀ ಶುಗರ್ಸ್ ಸಂಸ್ಥೆ ಡಾಲರ್-ಸ್ವಿಸ್ ಫ್ರಾಂಕ್ ಆಪ್ಷನ್ ಒಪ್ಪಂದವೊಂದು ಜೂಜಾದ್ದರಿಂದ ಅಸಿಂಧುವೆಂದು ಆಕ್ಸಿಸ್ ಬ್ಯಾಂಕಿನ ವಿರುದ್ಧ ವಾದಿಸಿತು. 2008ರ ಅಕ್ಟೋಬರಿನಲ್ಲಿ ಮದ್ರಾಸ್ ಹೈಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಸಹಿ ಮಾಡಿದ ಬಾಧ್ಯತೆಯಿಂದ ‘ಇದು ಜೂಜು’ ಎಂದು ಹೇಳಿ ಸುಲಭವಾಗಿ ಬಿಡಿಸಿಕೊಳ್ಳಲಾಗದು.

ಆದಕಾರಣ ಕಾಗದದಲ್ಲಿ ಪ್ರೀಮಿಯಂ ಸೊನ್ನೆ ಎಂದಿದ್ದರೆ, ಗ್ರಾಹಕರು ಅದರಲ್ಲಿ ಏನನ್ನು ಮಾರುತ್ತಿದ್ದಾರೆ, ಎಷ್ಟು ಡಾಲರಿಗೆ ಮತ್ತು ಯಾವ ದರಕ್ಕೆ ಎಂಬುದನ್ನು ಮೊದಲು ಹುಡುಕಿರಿ. ಮಾರುತ್ತಿರುವ ಮೊತ್ತ ಅವರಿಗೆ ಬರಬೇಕಾದ ಡಾಲರಿಗಿಂತ ಹೆಚ್ಚಿದ್ದರೆ, ಆ ಹೆಚ್ಚುವರಿ ಭಾಗಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ.