ಎದುರಿಗೆ ಯಾರೂ ಇಲ್ಲದ ಕಂಪ್ಯೂಟರಿಗೆ ಒಪ್ಪಿಗೆ ಕೊಡುವವರು ಯಾರು?

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಕೆಳಗೆ ಅಂಗಡಿ, ಮಹಡಿಯ ಮೇಲೆ ಮನೆ. ಎರಡಕ್ಕೂ ಒಂದೇ ವೈ-ಫೈ. ಅಪ್ಪ ಅಂಗಡಿಗೆ ಬೀಗ ಹಾಕಿ, ಕೀಲಿಯೊಂದಿಗೆ ಬೇರೆ ಊರಿಗೆ ಹೋಗಿದ್ದಾರೆ, ಬರುವುದು ಬೆಳಿಗ್ಗೆ. ಅಷ್ಟರೊಳಗೆ ಅಂಗಡಿಯ ವಿಂಡೋಸ್ ಕಂಪ್ಯೂಟರಿಗೆ ಹೊಸ ಪ್ರಿಂಟರಿನ ಡ್ರೈವರ್ ಹಾಕಬೇಕು, ಇಲ್ಲದಿದ್ದರೆ ಬಿಲ್ಲುಗಳು ಅಚ್ಚಾಗುವುದಿಲ್ಲ. ಕಾಲೇಜಿಗೆ ಹೋಗುವ ಮಗಳು ಟೈಟ್‌ವಿಎನ್‌ಸಿ ಎಂಬ ಉಚಿತ ತಂತ್ರಾಂಶದ ಮೂಲಕ ಆ ಕಂಪ್ಯೂಟರಿನ ಪರದೆಯನ್ನು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಾಳೆ. ಎಲ್ಲವೂ ಸರಿಯಾಗಿದೆ. ಆದರೆ ಡ್ರೈವರಿನ ಕಡತವನ್ನು ಒತ್ತಿದ ಕೂಡಲೇ ಚಿತ್ರ ಕಪ್ಪಾಗುತ್ತದೆ. ಮೌಸ್ ಆಡಿಸಿದರೂ ಏನೂ ಆಗದು. ಸಂಪರ್ಕ ಮಾತ್ರ ಕಡಿದಿಲ್ಲ!

ಆಗಿರುವುದೇನು? ನಮ್ಮ ದೂರದರ್ಶನದ ಸ್ಟುಡಿಯೋವನ್ನೇ ಉದಾಹರಣೆಯಾಗಿ ನೋಡೋಣ. ಎರಡು ಸ್ಟುಡಿಯೋಗಳಿದ್ದರೂ ಪ್ರಸಾರವಾಗುವುದು ಒಮ್ಮೆಗೆ ಒಂದರ ಚಿತ್ರ ಮಾತ್ರ. ವಿಂಡೋಸ್ ಕೂಡ ಹಾಗೆಯೇ ಒಂದಕ್ಕಿಂತ ಹೆಚ್ಚು ಡೆಸ್ಕ್‌ಟಾಪ್‌ಗಳನ್ನು ಇಟ್ಟುಕೊಂಡಿರುತ್ತದೆ. ನಾವು ದಿನವೂ ಕೆಲಸ ಮಾಡುವುದು ಒಂದು. ಇನ್ನೊಂದು ಸುರಕ್ಷಿತ ಡೆಸ್ಕ್‌ಟಾಪ್. ಸಾರ್ವಜನಿಕರಿಗೆ 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಮೊದಲ್ಗೊಂಡು, ‘ಈ ಪ್ರೋಗ್ರಾಂ ಬದಲಾವಣೆ ಮಾಡಬಹುದೇ?’ ಎಂದು ಅನುಮತಿ ಕೇಳುವ ಪೆಟ್ಟಿಗೆ ಸಾಮಾನ್ಯವಾಗಿ ಈ ಎರಡನೆಯದರಲ್ಲಿ ತೆರೆಯುತ್ತದೆ. ಬೀಗ ಹಾಕಿದ ಪರದೆಯಲ್ಲಿ ಪಾಸ್‌ವರ್ಡ್ ಕೇಳುವುದೂ ಇಲ್ಲಿಯೇ. ಬಳಕೆದಾರರ ಹೆಸರಿನಲ್ಲಿ ನಡೆಯುವ ಸಾಮಾನ್ಯ ಪ್ರೋಗ್ರಾಮಿಗೆ ಇಲ್ಲಿ ಪ್ರವೇಶವಿಲ್ಲ. ಅದು ಇಲ್ಲಿನದನ್ನು ನೋಡಲಾರದು, ಒತ್ತಲೂ ಆರದು. ಮಗಳ ಕ್ಯಾಮರಾ ಮೊದಲ ಸ್ಟುಡಿಯೋದಲ್ಲಿಯೇ ಉಳಿದುಬಿಟ್ಟಿದೆ.

ಇದು ದೋಷವಲ್ಲ, ಉದ್ದೇಶಪೂರ್ವಕ ವ್ಯವಸ್ಥೆ. ಸಾಮಾನ್ಯ ಪ್ರೋಗ್ರಾಂ ತಾನೇ Yes ಒತ್ತಬಲ್ಲದಾಗಿದ್ದರೆ, ಕಳ್ಳ ಪ್ರೋಗ್ರಾಮೂ ಒತ್ತುತ್ತಿತ್ತು. ಕೆಲವರು ಸೆಟ್ಟಿಂಗ್ ಬದಲಿಸಿ, ಪೆಟ್ಟಿಗೆಯನ್ನು ಮಾಮೂಲಿ ಡೆಸ್ಕ್‌ಟಾಪಿನಲ್ಲಿಯೇ ತೆರೆಯುವಂತೆ ಮಾಡುತ್ತಾರೆ. ಆಗ ಪೆಟ್ಟಿಗೆ ಕಾಣುತ್ತದೆ, ಆದರೆ ಒತ್ತಲು ಬರುವುದಿಲ್ಲ. ಕೆಳಗಿನ ಅಧಿಕಾರದ ಪ್ರೋಗ್ರಾಂ ಮೇಲಿನ ಅಧಿಕಾರದ ಕಿಟಕಿಗೆ ಮೌಸ್ ಅಥವಾ ಕೀಲಿಯ ಸಂಕೇತ ಕಳುಹಿಸದಂತೆ ವಿಂಡೋಸ್ ತಡೆಯುತ್ತದೆ. ರಕ್ಷಣೆ ಕಡಿಮೆಯಾಯಿತು, ಕೆಲಸವೂ ಆಗಲಿಲ್ಲ.

ಸರಿಯಾದ ದಾರಿ ಬೇರೆ. ಟೈಟ್‌ವಿಎನ್‌ಸಿಯನ್ನು ಎರಡು ರೀತಿಯಲ್ಲಿ ನಡೆಸಬಹುದು: ಸಾಮಾನ್ಯ ಪ್ರೋಗ್ರಾಮಾಗಿ ಅಥವಾ ‘ಸರ್ವಿಸ್’ ಆಗಿ. ಸರ್ವಿಸ್ ಎಂದರೆ ಯಾರೂ ಲಾಗಿನ್ ಆಗದಿದ್ದರೂ ಯಂತ್ರದೊಂದಿಗೇ ಆರಂಭವಾಗಿ, ವ್ಯವಸ್ಥೆಯ ಸ್ವಂತ ಅಧಿಕಾರದಲ್ಲಿ ನಡೆಯುವ ಪ್ರೋಗ್ರಾಂ. ಅದಕ್ಕೆ ಎರಡೂ ಸ್ಟುಡಿಯೋಗಳ ಪಾಸ್ ಇದೆ. ಯಾವ ರೀತಿಯಲ್ಲಿ ಅಳವಡಿಸಿದೆ ಎಂದು ತಿಳಿಯಲು ಅಂಗಡಿಯ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಟೈಪ್ ಮಾಡಬೇಕು:

```
sc qc tvnserver
```

ಉತ್ತರದಲ್ಲಿ START_TYPE ಎದುರಿಗೆ AUTO_START, SERVICE_START_NAME ಎದುರಿಗೆ LocalSystem ಎಂದಿದ್ದರೆ ಅಳವಡಿಕೆ ಸರಿಯಾಗಿದೆ. ಅಂತಹ ಸರ್ವಿಸ್ ಇಲ್ಲವೆಂದು ಬಂದರೆ ಕಪ್ಪು ಪರದೆಯ ಕಾರಣ ಸಿಕ್ಕಿತು.

ಹಾಗಾದರೆ ಮಗಳು ಆ ರಾತ್ರಿಯೇ ಸರ್ವಿಸ್ ಅಳವಡಿಸಬಹುದಿತ್ತಲ್ಲವೇ? ಆಗದು. ಅದನ್ನು ಅಳವಡಿಸಲೂ Yes ಒತ್ತಬೇಕು! ಬೆಳಿಗ್ಗೆ ಅಪ್ಪ ಬಂದು ಕಂಪ್ಯೂಟರಿನ ಮುಂದೆ ಕುಳಿತು ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆಯೇ ಮುಂದಿನ ರಾತ್ರಿಗಳ ದಾರಿ ತೆರೆಯುವುದು. ಎದುರಿಗೆ ಯಾರೂ ಇಲ್ಲದ ಯಂತ್ರವನ್ನು ದೂರದಿಂದ ನಡೆಸುವುದೆಂದರೆ, ಯಂತ್ರದ ಒಡೆಯರು ಮುಂಚಿತವಾಗಿ ಕೊಟ್ಟ ಒಪ್ಪಿಗೆಯನ್ನು ಬಳಸುವುದು, ಅಷ್ಟೇ. ಅಲ್ಲಿಂದ ಮುಂದೆ ಅನುಮತಿಯ ಪೆಟ್ಟಿಗೆ ಮಗಳಿಗೆ ಕಾಣುತ್ತದೆ, ಒತ್ತಲೂ ಬರುತ್ತದೆ. ಪರದೆಗೆ ಬೀಗ ಬಿದ್ದಿದ್ದರೆ ಪಾಸ್‌ವರ್ಡ್ ಕೊಟ್ಟು ಒಳಹೋಗಬಹುದು. ಅದಕ್ಕಾಗಿ ವಿಂಡೋಸಿನ ಪಾಸ್‌ವರ್ಡನ್ನೇ ತೆಗೆದುಹಾಕುವ ಅಗತ್ಯವಿಲ್ಲ.

ಒಂದು ವ್ಯತ್ಯಾಸವನ್ನು ಗಮನಿಸಿ. ಸಂಪರ್ಕವಿದ್ದು ಚಿತ್ರ ಕಪ್ಪಾದರೆ ಮೊದಲು ಅಧಿಕಾರದ ಕೊರತೆಯನ್ನು ಶಂಕಿಸಬೇಕು. ಸಂಪರ್ಕವೇ ಸಿಗದಿದ್ದರೆ ಯಂತ್ರ ನಿದ್ರೆಗೆ ಜಾರಿರಬಹುದು. ನಿದ್ರಿಸುವ ಯಂತ್ರದಲ್ಲಿ ಸರ್ವಿಸ್ ಕೂಡ ನಡೆಯದು. ಪವರ್ ಸೆಟ್ಟಿಂಗಿನಲ್ಲಿ ನಿದ್ರೆಯ ಅವಧಿಯನ್ನು Never ಎಂದು ಇಡಬೇಕು. ಮಾನಿಟರ್ ಆರಿದರೆ ತೊಂದರೆಯಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಟೈಟ್‌ವಿಎನ್‌ಸಿಯ ಪಾಸ್‌ವರ್ಡಿನಲ್ಲಿ ಲೆಕ್ಕಕ್ಕೆ ಬರುವುದು ಮೊದಲ 8 ಅಕ್ಷರಗಳು ಮಾತ್ರ. ಸಂಪರ್ಕವಾದ ಮೇಲೆ ಚಿತ್ರವಾಗಲಿ, ನೀವು ಒತ್ತುವ ಕೀಲಿಗಳಾಗಲಿ ಗುಪ್ತಲಿಪಿಯಲ್ಲಿ ಸಾಗುವುದಿಲ್ಲ. ಆದ್ದರಿಂದ ಇದನ್ನು ಮನೆಯ ಜಾಲದೊಳಗೇ ಬಳಸಬೇಕು. ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡಬಾರದು. ಆ 8 ಅಕ್ಷರಗಳು ಸಿಕ್ಕವರಿಗೆ, ಅಪ್ಪ ಒತ್ತಬೇಕಾದ Yes ಅನ್ನು ಒತ್ತುವ ಅವಕಾಶವೂ ಸಿಕ್ಕಂತೆ.