ಸಾಹೇಬರಿಗೆ ಕಳಿಸುವ ಇಮೇಲ್‌ನಲ್ಲಿ ಖರ್ಚು ಎಲ್ಲಿ ಬರಬೇಕು?

ಪ್ರಶ್ನೆ: ನಮ್ಮ ರೈತ ಉತ್ಪಾದಕರ ಕಂಪನಿಯ ಮುಖ್ಯಸ್ಥರಿಗೆ ಹೊಸ ಯೋಜನೆಯನ್ನು ಇಮೇಲ್‌ನಲ್ಲಿ ತಿಳಿಸಬೇಕಾಗಿದೆ. ಖರ್ಚನ್ನು ಮೊದಲೇ ಬರೆದರೆ ಬೇಡವೆನ್ನುತ್ತಾರೇನೋ? – ಓದುಗರು, ಇಂಡಿ

ಉತ್ತರ: ಖರ್ಚನ್ನು ಮುಚ್ಚಿಟ್ಟರೆ 'ಎಷ್ಟಾಗುತ್ತೆ?' ಎಂಬ ಮರುಪ್ರಶ್ನೆ ಬರುತ್ತದೆ, ಒಪ್ಪಿಗೆ ಅಲ್ಲಿಗೇ ನಿಲ್ಲುತ್ತದೆ. ಭಯ ಹುಟ್ಟಿಸುವುದು ಖರ್ಚಲ್ಲ, ಮಿತಿಯಿಲ್ಲದ ಖರ್ಚು. ಆದ್ದರಿಂದ ಇಡೀ ಯೋಜನೆಯ ಬದಲು ಪ್ರಯೋಗದ ಖರ್ಚನ್ನಷ್ಟೇ ಕೇಳಿ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಇಂಡಿ ನಿಂಬೆಯನ್ನೇ ತೆಗೆದುಕೊಳ್ಳೋಣ. ಗಾತ್ರವಾರು ವಿಂಗಡಿಸಿ ಮಾರುವುದು ನಿಮ್ಮ ಯೋಜನೆ ಎಂದಿಟ್ಟುಕೊಂಡರೆ, ಇಮೇಲ್ ಇಷ್ಟೇ ಸಾಕು:

"ಮಾನ್ಯರೇ, ನಿಂಬೆಯನ್ನು ಗಾತ್ರವಾರು ವಿಂಗಡಿಸಿ ಮಾರಲು 20 ದಿನಗಳ ಪ್ರಯೋಗಕ್ಕೆ ಒಪ್ಪಿಗೆ ಕೋರುತ್ತೇನೆ. ಇಬ್ಬರಿಗೆ ದಿನಕ್ಕೆ ತಲಾ 500ರಂತೆ ಕೂಲಿ 20,000 ರೂಪಾಯಿ. ಚೀಲಕ್ಕೆ 50 ರೂಪಾಯಿ ಹೆಚ್ಚು ಸಿಕ್ಕರೆ 400 ಚೀಲಕ್ಕೆ ಈ ಹಣ ಮರಳುತ್ತದೆ. ತಾವು ಒಪ್ಪಿದರೆ ಸೋಮವಾರ ಶುರು ಮಾಡುತ್ತೇನೆ."

ಲಾಭವನ್ನು ದೊಡ್ಡದಾಗಿ ಹೇಳಬೇಕಲ್ಲವೇ ಎನ್ನಬಹುದು. ಆದರೆ ನಿಂಬೆಯ ದರ ದಿನದಿನಕ್ಕೂ ಏರಿಳಿಯುತ್ತದೆ. ಭರವಸೆಯ ಅಂಕಿ ತಪ್ಪಿದರೆ ನಿಮ್ಮ ಮುಂದಿನ ಇಮೇಲ್ ಅನ್ನು ಯಾರೂ ನಂಬುವುದಿಲ್ಲ. ಹಣ ಮರಳಲು ಏನಾಗಬೇಕೆಂದು ಹೇಳಿದರೆ, ಅದು ಸಾಧ್ಯವೋ ಇಲ್ಲವೋ ಎಂಬುದನ್ನು ಮಾರುಕಟ್ಟೆ ಬಲ್ಲ ಮುಖ್ಯಸ್ಥರೇ ತೂಗಿ ನೋಡುತ್ತಾರೆ. ಕೊನೆಯ ಸಾಲಿನಲ್ಲಿ 'ತಮ್ಮ ಅಭಿಪ್ರಾಯ ತಿಳಿಸಿ' ಎಂದು ಬರೆಯಬೇಡಿ. ಅದಕ್ಕೆ ಉತ್ತರಿಸಲು ಅವರು ಯೋಚಿಸಿ ಬರೆಯಬೇಕು; ಸೋಮವಾರದ ಮಾತಿಗೆ 'ಆಗಲಿ' ಎಂದರೆ ಸಾಕು.